ಆರುನೂರು ರೂಪಾಯಿಯ ಜಾಡು ಹಿಡಿದು

ಪ್ರತಿ ತಿಂಗಳ 14ನೇ ತಾರೀಕು ಹತ್ತಿರವಾದಂತೆ ಆಡಿಟರ್ ಆಫೀಸುಗಳಲ್ಲಿ ಬಿಲ್ಲಿನ ಕಟ್ಟುಗಳು ಬಿಚ್ಚಿಕೊಳ್ಳುತ್ತವೆ. ಅಂದು ಜಿಎಸ್‌ಟಿ ಪೋರ್ಟಲ್‌ನಲ್ಲಿ ಜಿಎಸ್‌ಟಿಆರ್-2ಬಿ ಎಂಬ ಪಟ್ಟಿ ಸಿದ್ಧವಾಗುತ್ತದೆ. ಮಾಲು ಮಾರಿದವರು ಯಾವ ಬಿಲ್ಲಿಗೆ ಎಷ್ಟು ತೆರಿಗೆ ತೋರಿಸಿದ್ದಾರೆ ಎಂಬ ವಿವರ ಅದರಲ್ಲಿರುತ್ತದೆ. ತಿಂಗಳು ತಿಂಗಳು ಲೆಕ್ಕ ಒಪ್ಪಿಸುವವರು 20ನೇ ತಾರೀಕಿನೊಳಗೆ ರಿಟರ್ನ್ ಸಲ್ಲಿಸಬೇಕು. ನಡುವೆ ಸಿಗುವ ಐದಾರು ದಿನಗಳಲ್ಲಿ ಅಂಗಡಿಯ ಖರೀದಿ ಬಿಲ್ಲುಗಳನ್ನೆಲ್ಲ ಆ ಪಟ್ಟಿಯ ಜೊತೆ ತಾಳೆ ನೋಡಿ ಮುಗಿಸಬೇಕು.

ಹಿಂದೆ ಈ ಬಿಲ್ಲುಗಳನ್ನು ಒಬ್ಬರು ಕೂತು ಟೈಪ್ ಮಾಡುತ್ತಿದ್ದರು. ಈಗ ಎಷ್ಟೋ ಕಡೆ ಬಿಲ್ಲನ್ನು ಸ್ಕ್ಯಾನ್ ಮಾಡುತ್ತಾರೆ, ಇಲ್ಲವೇ ಮೊಬೈಲಿನಲ್ಲಿ ಫೋಟೊ ಹೊಡೆಯುತ್ತಾರೆ. ಅಕ್ಷರ ಗುರುತಿಸುವ ಸಾಫ್ಟ್‌ವೇರ್ ಅದರಲ್ಲಿನ ಅಂಕಿಗಳನ್ನು ಓದಿ ಎಕ್ಸೆಲ್ ಶೀಟಿಗೆ ಇಳಿಸುತ್ತದೆ. ಇನ್ನೂರು ಬಿಲ್ಲು ಅರ್ಧ ದಿನದಲ್ಲಿ ಶೀಟಿಗೆ ಬಂದು ಬೀಳುತ್ತವೆ. ಆದರೆ ಯಂತ್ರವೂ ತಪ್ಪಾಗಿ ಓದುತ್ತದೆ. ಮಾಸಿದ 7 ಅದಕ್ಕೆ 1 ಆಗಿ ಕಾಣುತ್ತದೆ, 8 ಕೆಲವೊಮ್ಮೆ 3 ಆಗುತ್ತದೆ, ₹ ಚಿಹ್ನೆಯೇ ಒಂದು ಅಂಕಿಯಾಗಿ ಮೊತ್ತದ ಮುಂದೆ ಅಂಟಿಕೊಳ್ಳುವುದೂ ಉಂಟು. ಟೈಪ್ ಮಾಡುವವರಿಗೆ ಅನುಮಾನ ಬಂದರೆ ಕೈ ಅಲ್ಲೇ ನಿಲ್ಲುತ್ತದೆ. ಯಂತ್ರ ಹಾಗೆ ನಿಲ್ಲದು. ತಪ್ಪು ಅಂಕಿಯೂ ಸರಿ ಅಂಕಿಯಷ್ಟೇ ಅಚ್ಚುಕಟ್ಟಾಗಿ ಸೆಲ್ಲಿನಲ್ಲಿ ಕೂತಿರುತ್ತದೆ.

ಅದನ್ನು ಹಿಡಿಯುವ ಉಪಾಯ ಬಿಲ್ಲಿನಲ್ಲೇ ಅಡಗಿದೆ. ಬಿಲ್ಲು ಒಂದೇ ಸಂಗತಿಯನ್ನು ಹಲವು ಸಲ ಹೇಳುವ ಕಾಗದ. ಸಂಖ್ಯೆಯನ್ನು ದರದಿಂದ ಗುಣಿಸಿದರೆ ಸಾಲಿನ ಮೊತ್ತ ಬರಬೇಕು. ಸಾಲುಗಳನ್ನು ಕೂಡಿಸಿದರೆ ತೆರಿಗೆಗೆ ಮುಂಚಿನ ಮೊತ್ತ, ಅದಕ್ಕೆ ತೆರಿಗೆ ಸೇರಿಸಿದರೆ ಒಟ್ಟು ಮೊತ್ತ ಬರಬೇಕು. ಯಂತ್ರ ಈ ಅಂಕಿಗಳನ್ನೆಲ್ಲ ಬೇರೆ ಬೇರೆಯಾಗಿ ಓದಿರುತ್ತದೆ. ಒಂದನ್ನು ತಪ್ಪಾಗಿ ಓದಿದ್ದರೆ ಉಳಿದವು ಅದರ ವಿರುದ್ಧ ಸಾಕ್ಷಿ ಹೇಳುತ್ತವೆ. ಆ ಸಾಕ್ಷಿ ಕೇಳುವ ಕೆಲಸಕ್ಕೆ ನಾಲ್ಕಾರು ಫಾರ್ಮುಲಾ ಸಾಕು.

ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ದಾವಣಗೆರೆಯ ಒಂದು ಎಲೆಕ್ಟ್ರಿಕಲ್ ಅಂಗಡಿಗೆ ಬೆಂಗಳೂರಿನ ಸಗಟು ವ್ಯಾಪಾರಿಯಿಂದ ಮಾಲು ಬಂದಿದೆ ಎಂದುಕೊಳ್ಳಿ. ಬಿಲ್ಲಿನಲ್ಲಿ ನಾಲ್ಕು ಸಾಲುಗಳಿವೆ. ವೈರ್ 12 ಕಾಯಿಲ್, ದರ 1,640, ಮೊತ್ತ 19,680.00. ಎಲ್‌ಇಡಿ ಬಲ್ಬ್ 200, ದರ 84.75, ಮೊತ್ತ 16,949.15. ಸ್ವಿಚ್ 150, ದರ 38.50, ಮೊತ್ತ 5,775.00. ಪಿವಿಸಿ ಪೈಪ್ 80, ದರ 62, ಮೊತ್ತ 4,960.00. ನಾಲ್ಕಕ್ಕೂ ತೆರಿಗೆ ಶೇ. 18. ಬುಡದಲ್ಲಿ ತೆರಿಗೆಗೆ ಮುಂಚಿನ ಮೊತ್ತ 47,364.15, ಸಿಜಿಎಸ್‌ಟಿ 4,262.77, ಎಸ್‌ಜಿಎಸ್‌ಟಿ 4,262.77, ರೌಂಡ್ ಆಫ್ 0.31, ಒಟ್ಟು 55,890.00 ಎಂದಿದೆ. ಕಾಗದದ ಮೇಲೆ ಎಲ್ಲ ಸರಿಯಾಗಿಯೇ ಇದೆ. ಆದರೆ ಯಂತ್ರ ಸ್ವಿಚ್ಚಿನ ಮೊತ್ತವನ್ನು 5,175.00 ಎಂದು ಓದಿದೆ.

ಮೊದಲು ಶೀಟಿನ ಜೋಡಣೆ. ಎಲ್ಲ ಬಿಲ್ಲುಗಳ ಸಾಲುಗಳೂ Lines ಎಂಬ ಶೀಟಿನಲ್ಲಿರಲಿ, ಬಿಲ್ಲಿನ ಬುಡದ ಅಂಕಿಗಳು ಬಿಲ್ಲಿಗೊಂದು ಸಾಲಿನಂತೆ Bills ಎಂಬ ಇನ್ನೊಂದು ಶೀಟಿನಲ್ಲಿರಲಿ. ಎರಡನ್ನೂ ಬೆಸೆಯಲು ಗುರುತು ಬೇಕು. ಬರೀ ಬಿಲ್ ನಂಬರ್ ಸಾಲದು, ಏಕೆಂದರೆ 101ನೇ ನಂಬರಿನ ಬಿಲ್ಲು ಮೂವರು ವ್ಯಾಪಾರಿಗಳಿಂದಲೂ ಬರಬಹುದು. ಮಾರಿದವರ 15 ಅಕ್ಷರಗಳ ಜಿಎಸ್‌ಟಿ ನಂಬರನ್ನು ಬಿಲ್ ನಂಬರಿಗೆ ಜೋಡಿಸಿದರೆ ಗೊಂದಲ ಉಳಿಯುವುದಿಲ್ಲ. Bills ಶೀಟಿನಲ್ಲಿ B ಜಿಎಸ್‌ಟಿ ನಂಬರ್, C ಬಿಲ್ ನಂಬರ್ ಆಗಿದ್ದರೆ A ಕಾಲಮ್‌ನಲ್ಲಿ ಹೀಗೆ ಬರೆಯುತ್ತಾರೆ:

```
=B2&"|"&C2
```

ಇದೇ ಗುರುತು Lines ಶೀಟಿನ A ಕಾಲಮ್‌ನಲ್ಲೂ ಇರಬೇಕು. ಅಂಕಿ ಸುರಿಯುವ ಮೊದಲೇ ಬಿಲ್ ನಂಬರಿನ ಕಾಲಮ್ಮನ್ನು Text ಎಂದು ಮಾಡಿಟ್ಟುಕೊಳ್ಳುವುದು ಒಳ್ಳೆಯದು. ಇಲ್ಲದಿದ್ದರೆ 00123 ಎಂಬ ನಂಬರಿನ ಸೊನ್ನೆಗಳು ಉದುರಿಹೋಗುತ್ತವೆ, 1-12 ಎಂಬುದು ತಾರೀಕಾಗಿಬಿಡುತ್ತದೆ.

Lines ಶೀಟಿನಲ್ಲಿ C ಸಂಖ್ಯೆ, D ದರ, E ಶೇಕಡಾವಾರು ಡಿಸ್ಕೌಂಟ್, F ಓದಿದ ಮೊತ್ತ, G ತೆರಿಗೆ ದರ. ಡಿಸ್ಕೌಂಟ್ ಇಲ್ಲದಿದ್ದರೆ E ಖಾಲಿ ಇರಲಿ. ಮೊದಲ ತಾಳೆ ಸಾಲಿನೊಳಗೇ ನಡೆಯುತ್ತದೆ. ಕೆಳಗಿನ ಮೊದಲ ಫಾರ್ಮುಲಾ H ಕಾಲಮ್ಮಿಗೆ, ಎರಡನೆಯದು I ಕಾಲಮ್ಮಿಗೆ:

```
=ROUND(C2*D2*(1-E2)-F2,2)
=IF(COUNT(C2:D2,F2)<3,"READ",IF(ABS(H2)<=ROUND(0.005*C2+0.01,2),"OK","CHECK"))
```

ಎರಡನೆಯ ಫಾರ್ಮುಲಾದ ಮೊದಲ ತುಂಡು, COUNT ಎಂಬುದು, ಕಾವಲುಗಾರ. ಯಂತ್ರ ತಂದ "4,960.00" ಎಷ್ಟೋ ಸಲ ಕಣ್ಣಿಗೆ ಮಾತ್ರ ಸಂಖ್ಯೆ, ಎಕ್ಸೆಲ್ ಪಾಲಿಗೆ ಅದು ಬರೀ ಅಕ್ಷರಗಳ ಸಾಲು. ಹಾಗೆ ಅಕ್ಷರವಾಗಿ ಕೂತ ಸೆಲ್ಲನ್ನು SUM, SUMIFS ಎರಡೂ ಸದ್ದಿಲ್ಲದೆ ಬಿಟ್ಟು ಕೂಡಿಸುತ್ತವೆ. ತಪ್ಪು ಆಗಿದೆ ಎಂಬ ಸೂಚನೆ ಎಲ್ಲೂ ಬರುವುದಿಲ್ಲ, ಮೊತ್ತ ಮಾತ್ರ ಕಡಿಮೆಯಾಗಿರುತ್ತದೆ. ಕಣ್ಣಲ್ಲೇ ಗುರುತಿಸಬೇಕೆಂದರೆ, ಅಂಥ ಅಂಕಿ ಸೆಲ್ಲಿನ ಎಡಗಡೆಗೆ ವಾಲಿಕೊಂಡಿರುತ್ತದೆ, ಮೂಲೆಯಲ್ಲಿ ಸಣ್ಣ ಹಸಿರು ತ್ರಿಕೋನವೂ ಇರಬಹುದು. ಮೂರು ಸೆಲ್ಲುಗಳಲ್ಲಿ ಒಂದಾದರೂ ನಿಜವಾದ ಸಂಖ್ಯೆಯಾಗಿರದಿದ್ದರೆ COUNT ಮೂರಕ್ಕಿಂತ ಕಡಿಮೆಯಾಗಿ "READ" ಎಂದು ಬರುತ್ತದೆ. ಆಗ ಕಾಮಾ, ₹ ಇಂಥವನ್ನು ತೆಗೆದುಹಾಕಲು ಬೇರೆ ಖಾಲಿ ಕಾಲಮ್‌ನಲ್ಲಿ ಇದನ್ನು ಬರೆದು, ಬಂದ ಬೆಲೆಯನ್ನು ಮಾತ್ರ F ಕಾಲಮ್ಮಿಗೆ ಪೇಸ್ಟ್ ಮಾಡಬೇಕು:

```
=VALUE(SUBSTITUTE(SUBSTITUTE(F2,",",""),"₹",""))
```

ಇನ್ನು ROUND ಯಾಕೆ ಬೇಕು ಎಂಬ ಪ್ರಶ್ನೆ. ಎಕ್ಸೆಲ್ ಒಳಗೆ ಅಂಕಿಗಳು ದಶಮಾನದಲ್ಲಿ ಇರುವುದಿಲ್ಲ, ಎರಡರ ಘಾತಗಳಲ್ಲಿ ಇರುತ್ತವೆ. 0.1ರಂಥ ಸರಳ ಅಂಕಿಯನ್ನೂ ಅದು ಪೂರ್ತಿ ಕರಾರುವಾಕ್ಕಾಗಿ ಇಟ್ಟುಕೊಳ್ಳಲಾರದು. ಖಾಲಿ ಸೆಲ್ಲಿನಲ್ಲಿ `=1*(0.5-0.4-0.1)` ಎಂದು ಹಾಕಿ ನೋಡಿದರೆ ಸೊನ್ನೆಯ ಬದಲು -2.78E-17 ಎಂಬ ವಿಚಿತ್ರ ಉತ್ತರ ಬರುತ್ತದೆ. ಇಷ್ಟು ಸೂಕ್ಷ್ಮ ವ್ಯತ್ಯಾಸಕ್ಕೆ ವ್ಯಾಪಾರದಲ್ಲಿ ಬೆಲೆಯಿಲ್ಲ. ಆದರೆ ಎರಡೂ ಸಮ ಇವೆಯೇ ಎಂದು ಕೇಳುವ ಫಾರ್ಮುಲಾ ಅಷ್ಟಕ್ಕೇ ಇಲ್ಲ ಎಂದುಬಿಡುತ್ತದೆ. ವ್ಯತ್ಯಾಸವನ್ನು ಪೈಸೆಯ ಮಟ್ಟಕ್ಕೆ ತಂದ ಮೇಲೆ ಹೋಲಿಸಿದರೆ ಈ ಕಾಟವಿಲ್ಲ.

ಎಷ್ಟು ಪೈಸೆಯವರೆಗಿನ ವ್ಯತ್ಯಾಸವನ್ನು ಒಪ್ಪಬಹುದು ಎಂಬುದು ಹೊಸಬರು ಹೆಚ್ಚಾಗಿ ಎಡವುವ ಜಾಗ. ಎಷ್ಟೋ ಶೀಟುಗಳಲ್ಲಿ ಎಲ್ಲ ಸಾಲಿಗೂ ಒಂದೇ ಮಿತಿ, ಒಂದು ರೂಪಾಯಿ ಎಂದೋ ಐವತ್ತು ಪೈಸೆ ಎಂದೋ ಇರುತ್ತದೆ. ಅದು ಕೆಲವು ಸಾಲಿಗೆ ತೀರಾ ಸಡಿಲ, ಕೆಲವಕ್ಕೆ ತೀರಾ ಬಿಗಿ. ಮೇಲಿನ ಬಲ್ಬಿನ ಸಾಲನ್ನೇ ನೋಡಿ. 200 ಬಲ್ಬು, ದರ 84.75, ಗುಣಿಸಿದರೆ 16,950.00. ಬಿಲ್ಲಿನಲ್ಲಿರುವುದು 16,949.15. ಎಂಬತ್ತೈದು ಪೈಸೆ ಕಡಿಮೆ. ಇಲ್ಲಿ ಯಂತ್ರವೂ ತಪ್ಪಿಲ್ಲ, ವ್ಯಾಪಾರಿಯೂ ತಪ್ಪಿಲ್ಲ. ವ್ಯಾಪಾರಿ ತೆರಿಗೆ ಸೇರಿಸಿ ಬಲ್ಬಿಗೆ ನೂರು ರೂಪಾಯಿ ಎಂದು ಮಾತಾಡಿಕೊಂಡಿದ್ದಾರೆ. ನೂರನ್ನು 1.18ರಿಂದ ಭಾಗಿಸಿದರೆ 84.7458 ಬರುತ್ತದೆ. ಬಿಲ್ಲಿನ ಸಾಫ್ಟ್‌ವೇರ್ ಒಳಗೆ ಪೂರ್ತಿ ದರದಿಂದ ಗುಣಿಸಿ, ಅಚ್ಚಿಗೆ ಮಾತ್ರ 84.75 ಎಂದು ಕೊಟ್ಟಿದೆ.

ಅಚ್ಚಾದ ದರದಲ್ಲಿ ಹೆಚ್ಚೆಂದರೆ ಅರ್ಧ ಪೈಸೆಯ ಏರುಪೇರು ಇರಬಹುದು. ಅದನ್ನು ಸಂಖ್ಯೆಯಿಂದ ಗುಣಿಸಿದರೆ ಆ ಸಾಲಿನ ನ್ಯಾಯವಾದ ಮಿತಿ ಸಿಗುತ್ತದೆ. ಫಾರ್ಮುಲಾದಲ್ಲಿರುವ `0.005*C2+0.01` ಅದೇ. 200 ಬಲ್ಬಿಗೆ ಮಿತಿ 1.01 ರೂಪಾಯಿ, ಆದ್ದರಿಂದ ಎಂಬತ್ತೈದು ಪೈಸೆ ಸಲೀಸಾಗಿ ದಾಟಿಹೋಗುತ್ತದೆ. 12 ಕಾಯಿಲ್ ವೈರಿಗೆ ಮಿತಿ ಬರೀ ಏಳು ಪೈಸೆ. ಅಲ್ಲಿ ಎಂಬತ್ತೈದು ಪೈಸೆ ವ್ಯತ್ಯಾಸ ಬಂದರೆ ಅದು ಖಂಡಿತ ತಪ್ಪು ಓದು. ಹತ್ತು ಸಾವಿರ ಸ್ಕ್ರೂ ಇರುವ ಸಾಲಿಗೆ ಮಾತ್ರ ಮಿತಿ ಐವತ್ತು ರೂಪಾಯಿಗೆ ಹೋಗುತ್ತದೆ. ಅಂಥ ಸಾಲುಗಳನ್ನು ಕಣ್ಣಲ್ಲೇ ನೋಡಿಬಿಡುವುದು ಸುರಕ್ಷಿತ.

ಸ್ವಿಚ್ಚಿನ ಸಾಲಿನಲ್ಲಿ ಏನಾಯಿತು? 150 ಗುಣಿಸು 38.50, ಅಂದರೆ 5,775. ಯಂತ್ರ ಓದಿದ್ದು 5,175. H ಕಾಲಮ್‌ನಲ್ಲಿ 600 ಕಾಣುತ್ತದೆ, ಮಿತಿ 76 ಪೈಸೆ, ಹಾಗಾಗಿ "CHECK". ಆದರೆ ಇಷ್ಟರಿಂದ ತಪ್ಪು ಮೊತ್ತದಲ್ಲೇ ಇದೆ ಎನ್ನಲಾಗದು. ಸಂಖ್ಯೆ ಅಥವಾ ದರ ತಪ್ಪಾಗಿ ಬಂದಿದ್ದರೂ ಇದೇ ಗುರುತು ಬರುತ್ತಿತ್ತು. ಮುಂದಿನ ತಾಳೆಯನ್ನೂ ಕೇಳಬೇಕು.

ಅದಕ್ಕೆ ಮೊದಲು Lines ಶೀಟಿನ J ಕಾಲಮ್‌ನಲ್ಲಿ ಸಾಲಿನ ತೆರಿಗೆ ಬರುವಂತೆ `=IF(I2="READ",0,F2*G2)` ಎಂದು ಹಾಕಿಕೊಳ್ಳಬೇಕು. ತೆರಿಗೆ ದರವನ್ನು ಸಾಲು ಸಾಲಿಗೆ ಇಟ್ಟುಕೊಳ್ಳಲು ಕಾರಣವಿದೆ. ಒಂದೇ ಬಿಲ್ಲಿನಲ್ಲಿ ಶೇ. 5ರ ಮಾಲು, ಶೇ. 18ರ ಮಾಲು ಎರಡೂ ಇರಬಹುದು. ಬುಡದ ತೆರಿಗೆಯನ್ನು ಬುಡದ ಮೊತ್ತದಿಂದ ಭಾಗಿಸಿ ನೋಡುವ ಅಡ್ಡದಾರಿ ಅಲ್ಲಿ ಕೆಲಸಕ್ಕೆ ಬಾರದು. ಇನ್ನು Bills ಶೀಟಿನಲ್ಲಿ D ತೆರಿಗೆಗೆ ಮುಂಚಿನ ಮೊತ್ತ, E ಸಿಜಿಎಸ್‌ಟಿ, F ಎಸ್‌ಜಿಎಸ್‌ಟಿ, G ಐಜಿಎಸ್‌ಟಿ, H ರೌಂಡ್ ಆಫ್, I ಒಟ್ಟು. ಅಲ್ಲಿಯ J, K, L ಕಾಲಮ್‌ಗಳಲ್ಲಿ ಕ್ರಮವಾಗಿ ಈ ಮೂರು ತಾಳೆಗಳು:

```
=ROUND(SUMIFS(Lines!F:F,Lines!A:A,A2)-D2,2)
=ROUND(SUMIFS(Lines!J:J,Lines!A:A,A2)-E2-F2-G2,2)
=ROUND(D2+E2+F2+G2+H2-I2,2)
```

ಮೊದಲನೆಯದು ಈ ಬಿಲ್ಲಿಗೆ ಸೇರಿದ ಸಾಲುಗಳನ್ನಷ್ಟೇ ಹುಡುಕಿ ಕೂಡಿಸಿ ಬುಡದ ಮೊತ್ತದಿಂದ ಹೋಲಿಸುತ್ತದೆ, ಎರಡನೆಯದು ತೆರಿಗೆಯನ್ನು, ಮೂರನೆಯದು ಬುಡದ ಅಂಕಿಗಳು ತಮ್ಮತಮ್ಮಲ್ಲಿ ಹೊಂದುತ್ತವೆಯೇ ಎಂಬುದನ್ನು ನೋಡುತ್ತದೆ.

ನಮ್ಮ ಬಿಲ್ಲಿಗೆ ಉತ್ತರ ಹೀಗೆ ಬರುತ್ತದೆ. J ಕಾಲಮ್‌ನಲ್ಲಿ -600.00. K ಕಾಲಮ್‌ನಲ್ಲಿ -107.99. L ಕಾಲಮ್‌ನಲ್ಲಿ ಸೊನ್ನೆ. ಈಗ ಜಾಡು ಸ್ಪಷ್ಟವಾಯಿತು. ಬುಡದ ಅಂಕಿಗಳೆಲ್ಲ ಪರಸ್ಪರ ಒಪ್ಪುತ್ತಿವೆ, ಆದ್ದರಿಂದ ಅವುಗಳ ಮೇಲೆ ಅನುಮಾನ ಬೇಡ. ಸಾಲುಗಳ ಕೂಡಿಕೆಯಲ್ಲಿ 600 ಕಡಿಮೆ ಇದೆ. ಮೂರನೇ ಸಾಲಿನೊಳಗಿನ ತಾಳೆಯಲ್ಲೂ ಅದೇ 600 ಸಿಕ್ಕಿತ್ತು. ಅದರ ಶೇ. 18 ಎಂದರೆ 108, ತೆರಿಗೆಯ ತಾಳೆಯಲ್ಲಿ ಕಂಡಿದ್ದೂ ಹೆಚ್ಚುಕಡಿಮೆ ಅಷ್ಟೇ. ಮೂರೂ ಬೆರಳುಗಳು ಸ್ವಿಚ್ಚಿನ ಮೊತ್ತದ ಸೆಲ್ಲನ್ನೇ ತೋರಿಸುತ್ತಿವೆ. ಕಾಗದವನ್ನು ತೆಗೆದು ಆ ಒಂದು ಅಂಕಿಯನ್ನು ನೋಡಿದರೆ ಸಾಕು.

ಯಾವ ತಾಳೆ ತಪ್ಪಿತು ಎಂಬುದಕ್ಕಿಂತ ಯಾವುದು ತಪ್ಪಿ ಯಾವುದು ಸರಿಬಂತು ಎಂಬ ಜೋಡಣೆಯಲ್ಲೇ ನಿಜವಾದ ಸುಳಿವಿದೆ. ಸಾಲಿನ ತಾಳೆ ತಪ್ಪಿ, ಕೂಡಿಕೆ ಮಾತ್ರ ಸರಿಬಂದರೆ ಮೊತ್ತ ಸರಿಯಾಗಿದೆ, ಸಂಖ್ಯೆಯನ್ನೋ ದರವನ್ನೋ ಡಿಸ್ಕೌಂಟನ್ನೋ ತಪ್ಪಾಗಿ ಓದಿದೆ ಎಂದರ್ಥ. ಸಾಲುಗಳೆಲ್ಲ ಸರಿಯಿದ್ದು ಕೂಡಿಕೆ ತಪ್ಪಿದರೆ ಒಂದು ಸಾಲೇ ಬಿಟ್ಟುಹೋಗಿರಬಹುದು. ಪುಟ ತಿರುಗುವ ಕಡೆ ಹೀಗಾಗುವುದು ಹೆಚ್ಚು. ವ್ಯತ್ಯಾಸದ ಮೊತ್ತವೇ ಕಳೆದುಹೋದ ಸಾಲಿನ ಮೊತ್ತ, ಅದನ್ನು ಹಿಡಿದು ಕಾಗದದಲ್ಲಿ ಹುಡುಕಬಹುದು. ಲಾರಿ ಬಾಡಿಗೆ, ಪ್ಯಾಕಿಂಗ್ ಚಾರ್ಜು ಪಟ್ಟಿಯ ಹೊರಗೆ, ಬುಡಕ್ಕೆ ಹತ್ತಿರ ಅಚ್ಚಾಗಿದ್ದಾಗಲೂ ಇದೇ ಲಕ್ಷಣ ಕಾಣುತ್ತದೆ. ಅದನ್ನು Lines ಶೀಟಿನಲ್ಲಿ ಬೇರೆ ಸಾಲಾಗಿ ಸೇರಿಸಿದರೆ ತಾಳೆ ಕೂಡಿಬರುತ್ತದೆ. ಬಿಲ್ಲಿನ ಇಡೀ ಮೊತ್ತವೇ ವ್ಯತ್ಯಾಸವಾಗಿ ಬಂದರೆ ಅಂಕಿ ಸರಿಯಿರಬಹುದು, ಒಂದು ಶೀಟಿನಲ್ಲಿ ಗುರುತು ತಪ್ಪಾಗಿದೆ. L ಕಾಲಮ್ ಒಂದೇ ತಪ್ಪಿದರೆ ಒಟ್ಟು ಮೊತ್ತವನ್ನೋ ರೌಂಡ್ ಆಫನ್ನೋ ನೋಡಬೇಕು. ಅಲ್ಲಿ ಬಿಲ್ಲಿನ ಕೆಳಗೆ ಅಕ್ಷರದಲ್ಲಿ ಬರೆದ ಮೊತ್ತ ನೆರವಿಗೆ ಬರುತ್ತದೆ. ಅಂಕಿಯಲ್ಲಿ ಆದ ತಪ್ಪು ಅಕ್ಷರದಲ್ಲೂ ಹಾಗೆಯೇ ಆಗುವುದು ಬಲು ಅಪರೂಪ.

ರೌಂಡ್ ಆಫ್‌ನ ಕಾಟ ಬೇರೆಯೇ. ಪೈಸೆ ಕಳೆದಾಗ ಒಬ್ಬರು (-)0.42 ಎಂದು, ಇನ್ನೊಬ್ಬರು Less 0.42 ಎಂದು ಅಚ್ಚು ಹಾಕುತ್ತಾರೆ. ಯಂತ್ರ ಆ ಮೈನಸ್ಸನ್ನು ಕಳೆದುಕೊಂಡು ಬರೀ 0.42 ತಂದರೆ L ಕಾಲಮ್‌ನಲ್ಲಿ 0.84 ಬರುತ್ತದೆ. ವ್ಯತ್ಯಾಸ ರೌಂಡ್ ಆಫ್‌ನ ಸರಿಯಾಗಿ ಎರಡರಷ್ಟಿದ್ದರೆ ಬಿಲ್ಲನ್ನು ತೆಗೆಯುವ ಮೊದಲೇ ಕಾರಣ ಗೊತ್ತಾದಂತೆ.

ವ್ಯತ್ಯಾಸದ ಅಂಕಿಯ ರೂಪವೂ ಮಾತಾಡುತ್ತದೆ. 600, 20, 3,000 ಹೀಗೆ ಒಂದೇ ಅಂಕಿ, ಹಿಂದೆ ಸೊನ್ನೆಗಳಿದ್ದರೆ ಸಾಮಾನ್ಯವಾಗಿ ಒಂದು ಅಂಕಿಯನ್ನು ಇನ್ನೊಂದಾಗಿ ಓದಿರುತ್ತದೆ. ವ್ಯತ್ಯಾಸ ಒಂಬತ್ತರಿಂದ ನಿಶ್ಶೇಷವಾಗಿ ಭಾಗವಾದರೆ ಪಕ್ಕಪಕ್ಕದ ಅಂಕಿಗಳು ಅದಲುಬದಲಾಗಿರಬಹುದು. 4,960ರ ಬದಲು 4,690 ಬಿದ್ದರೆ ವ್ಯತ್ಯಾಸ 270, ಅಂದರೆ ಒಂಬತ್ತು ಮೂವತ್ತಲ. ಇದು ಲೆಡ್ಜರ್ ಪುಸ್ತಕ ಬರೆಯುವ ಕಾಲದಿಂದ ಗುಮಾಸ್ತರಿಗೆ ಗೊತ್ತಿದ್ದ ಗುಟ್ಟು. ಯಂತ್ರ ಇಂಥ ತಪ್ಪು ಮಾಡುವುದು ಕಡಿಮೆ, ತಿದ್ದಲು ಕೂತ ಮನುಷ್ಯರ ಬೆರಳು ಮಾಡುತ್ತದೆ. ದಶಮಾಂಶದ ಚುಕ್ಕೆ ಕಾಣದೆ ಹೋದರೆ ಮೊತ್ತ ನೂರು ಪಟ್ಟು ಉಬ್ಬಿ ನಿಲ್ಲುತ್ತದೆ. ಅದು ಫಾರ್ಮುಲಾ ಇಲ್ಲದೆಯೂ ಕಣ್ಣಿಗೆ ಹೊಡೆಯುತ್ತದೆ.

ಎಲ್ಲ ಸರಿಯಿದ್ದಾಗಲೂ ತೆರಿಗೆಯ ತಾಳೆಯಲ್ಲಿ ಒಂದೆರಡು ಪೈಸೆ ಉಳಿಯುವುದು ಸಹಜ. ಮೇಲಿನ ಬಿಲ್ಲಿನಲ್ಲಿ ಸ್ವಿಚ್ಚಿನ ಅಂಕಿ ತಿದ್ದಿದ ಮೇಲೂ K ಕಾಲಮ್‌ನಲ್ಲಿ 0.01 ಉಳಿಯುತ್ತದೆ. 47,364.15ಕ್ಕೆ ಶೇ. 9 ಎಂದರೆ 4,262.7735. ಸಿಜಿಎಸ್‌ಟಿಯಲ್ಲಿ ಒಮ್ಮೆ, ಎಸ್‌ಜಿಎಸ್‌ಟಿಯಲ್ಲಿ ಇನ್ನೊಮ್ಮೆ ಅದರ ಬಾಲ ಕತ್ತರಿಸಿದ್ದಾರೆ, ಶೀಟು ಶೇ. 18ನ್ನು ಒಟ್ಟಿಗೆ ಲೆಕ್ಕ ಹಾಕಿದೆ. ಕೆಲವು ಸಾಫ್ಟ್‌ವೇರ್‌ಗಳು ಪ್ರತಿ ಸಾಲಿನ ತೆರಿಗೆಯನ್ನೂ ಪೈಸೆಗೆ ಸರಿಮಾಡಿ ಆಮೇಲೆ ಕೂಡಿಸುತ್ತವೆ. ಹಾಗಾಗಿ ತೆರಿಗೆಗೆ ಸಾಲಿಗೊಂದು ಪೈಸೆಯಂತೆ ಮಿತಿ ಕೊಡುವುದು ಸರಿ. M ಕಾಲಮ್‌ನ ಕೊನೆಯ ತೀರ್ಪಿನಲ್ಲಿ ಅದು ಹೀಗೆ ಸೇರುತ್ತದೆ:

```
=IF(AND(ABS(J2)<=0.05,
 ABS(K2)<=ROUND(0.01*COUNTIFS(Lines!A:A,A2),2),
 L2=0,E2=F2),"OK","CHECK")
```

ಕೊನೆಯ ತುಂಡು ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಎರಡೂ ಸಮ ಇವೆಯೇ ಎಂದು ನೋಡುತ್ತದೆ. ತೆರಿಗೆಯ ಜಾತಿಯನ್ನೂ ಪರೀಕ್ಷಿಸಬಹುದು. ಜಿಎಸ್‌ಟಿ ನಂಬರಿನ ಮೊದಲ ಎರಡು ಅಂಕಿ ರಾಜ್ಯದ ಗುರುತು, ಕರ್ನಾಟಕಕ್ಕೆ 29, ಮಹಾರಾಷ್ಟ್ರಕ್ಕೆ 27, ತಮಿಳುನಾಡಿಗೆ 33. `=IF(LEFT(B2,2)="29",G2=0,E2+F2=0)` ಎಂದು ಹಾಕಿದರೆ, ರಾಜ್ಯದೊಳಗಿನ ಬಿಲ್ಲಿನಲ್ಲಿ ಐಜಿಎಸ್‌ಟಿ ಇದ್ದಾಗ, ಹೊರಗಿನ ಬಿಲ್ಲಿನಲ್ಲಿ ಸಿಜಿಎಸ್‌ಟಿ ಇದ್ದಾಗ FALSE ಬರುತ್ತದೆ. FALSE ಬಂದ ಮಾತ್ರಕ್ಕೆ ತಪ್ಪೇ ಎನ್ನುವಂತಿಲ್ಲ. ಅಂಗಡಿಯವರು ಮುಂಬೈಗೆ ಹೋಗಿ ಹೋಟೆಲಿನಲ್ಲಿ ತಂಗಿದರೆ ಆ ಬಿಲ್ಲಿಗೆ ಮಹಾರಾಷ್ಟ್ರದ ತೆರಿಗೆಯೇ ಬೀಳುತ್ತದೆ, ಅದು ನ್ಯಾಯವೇ. ಆದರೆ ಆ ತೆರಿಗೆಯನ್ನು ಕರ್ನಾಟಕದ ನೋಂದಣಿಯಲ್ಲಿ ಕ್ರೆಡಿಟ್ ತೆಗೆದುಕೊಳ್ಳಲು ಬರುವುದಿಲ್ಲ. ಆದ್ದರಿಂದ ಆ ಬಿಲ್ಲು ಬೇರೆಯಾಗಿ ಎದ್ದು ಕಂಡಿದ್ದು ಉಪಕಾರವೇ ಆಯಿತು.

ಈ ಫಾರ್ಮುಲಾಗಳ ಕಣ್ಣಿಗೆ ಬೀಳದ ತಪ್ಪುಗಳೂ ಇವೆ. ಸಂಖ್ಯೆ, ದರ ಎರಡೂ ಸ್ಥಾನ ಬದಲಿಸಿದರೆ ಗುಣಾಕಾರ ಬದಲಾಗದು. ಬಿಲ್ ನಂಬರಾಗಲಿ ತಾರೀಕಾಗಲಿ ತಪ್ಪಾಗಿದ್ದರೆ ಕೂಡು-ಕಳೆಗೆ ಅದು ಗೊತ್ತಾಗುವುದಿಲ್ಲ, 2ಬಿ ಜೊತೆ ತಾಳೆ ನೋಡುವಾಗಲೇ ಅದು ಸಿಕ್ಕಬೇಕು. ವ್ಯಾಪಾರಿಯೇ ತಪ್ಪು ದರದ ತೆರಿಗೆ ಹಾಕಿದ್ದರೂ ಅಷ್ಟೇ. ಸಿಮೆಂಟಿನ ಮೇಲಿನ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಶೇ. 28ರಿಂದ 18ಕ್ಕೆ ಇಳಿಯಿತು. ಅದಾದ ಮೇಲೂ ಯಾರಾದರೂ ಶೇ. 28ರಂತೆ ಬಿಲ್ ಹಾಕಿದ್ದರೆ ಬಿಲ್ಲಿನ ಅಂಕಿಗಳೆಲ್ಲ ತಮ್ಮತಮ್ಮಲ್ಲಿ ಹೊಂದಿಕೊಂಡೇ ಇರುತ್ತವೆ, ಶೀಟು "OK" ಎನ್ನುತ್ತದೆ. ಶೀಟು ಹೇಳುವುದು ಓದಿದ್ದು ಹೊಂದುತ್ತದೆ ಎಂದಷ್ಟೇ.

ಇದಕ್ಕಿಂತ ಕೆಟ್ಟದ್ದು ತಾಳೆಯೇ ಸುಳ್ಳಾಗುವುದು. ಕೆಲವು ಸಾಫ್ಟ್‌ವೇರ್‌ಗಳು ಮೊತ್ತ ಸರಿಯಾಗಿ ಕಾಣದಿದ್ದಾಗ ಸಂಖ್ಯೆಯನ್ನು ದರದಿಂದ ತಾವೇ ಗುಣಿಸಿ ಆ ಜಾಗದಲ್ಲಿ ತುಂಬುತ್ತವೆ. ಆಗ H ಕಾಲಮ್ ಒಂದೇ ಲೆಕ್ಕವನ್ನು ಅದರ ಜೊತೆಗೇ ಹೋಲಿಸುತ್ತದೆ, ವ್ಯತ್ಯಾಸ ಯಾವಾಗಲೂ ಸೊನ್ನೆ. ಪರೀಕ್ಷಿಸುವುದು ಸುಲಭ. ಮೇಲಿನ ಬಲ್ಬಿನಂಥ ಸಾಲನ್ನು ಓದಿಸಿ ನೋಡಬೇಕು. ಕಾಗದದಲ್ಲಿ 16,949.15 ಇದ್ದು ಶೀಟಿನಲ್ಲಿ 16,950.00 ಬಂದರೆ ಯಂತ್ರ ಓದಿಲ್ಲ, ಗುಣಿಸಿದೆ. 20ನೇ ತಾರೀಕಿನ ಆತುರದಲ್ಲಿ ಮನುಷ್ಯರೂ ಇದನ್ನೇ ಮಾಡುತ್ತಾರೆ. ಕಾಗದ ನೋಡದೆ, ವ್ಯತ್ಯಾಸ ಸೊನ್ನೆಯಾಗುವಂತೆ ಯಾವುದೋ ಒಂದು ಅಂಕಿಯನ್ನು ತಿದ್ದಿಬಿಡುತ್ತಾರೆ. ಹಾಗೆ ಮುಚ್ಚಿದ ತಪ್ಪನ್ನು ಆಮೇಲೆ ಯಾವ ಫಾರ್ಮುಲಾವೂ ಹುಡುಕಿಕೊಡದು.

ಅದಕ್ಕೇ ಅನುಭವಸ್ಥರು Lines ಶೀಟಿನಲ್ಲಿ ಇನ್ನೊಂದು ಕಾಲಮ್ ಇಟ್ಟಿರುತ್ತಾರೆ. ಸ್ವಿಚ್ಚಿನ ಸಾಲಿನಲ್ಲಿ ಕಾಗದ ನೋಡಿ F ಕಾಲಮ್ಮನ್ನು 5,775.00 ಮಾಡಿದ ಮೇಲೆ, K ಕಾಲಮ್‌ನಲ್ಲಿ ಯಂತ್ರ ಮೊದಲು ಓದಿದ್ದ 5,175.00 ಎಂಬುದನ್ನು ಬರೆದಿಡುತ್ತಾರೆ. ಮೂರೂ ತಾಳೆಗಳು ಈಗ 0, 0.01, 0 ತೋರಿಸಿ ಬಿಲ್ಲು "OK" ಆಗುತ್ತದೆ. ತಿಂಗಳ ಕೊನೆಗೆ K ಕಾಲಮ್ ತುಂಬಿರುವ ಸಾಲುಗಳನ್ನಷ್ಟೇ ಫಿಲ್ಟರ್ ಹಾಕಿ ನೋಡಿದರೆ ಯಾರ ಬಿಲ್ಲುಗಳು ಪದೇಪದೇ ತಪ್ಪಾಗಿ ಬರುತ್ತಿವೆ ಎಂಬುದು ಗೊತ್ತಾಗುತ್ತದೆ. ರಿಬ್ಬನ್ ಸವೆದ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನಲ್ಲಿ ಅಚ್ಚಾದ ಕಾರ್ಬನ್ ಪ್ರತಿಗಳು ಅಲ್ಲಿ ಸಾಲಾಗಿ ಸಿಕ್ಕರೆ, ಆ ವ್ಯಾಪಾರಿಗೆ ಫೋನ್ ಮಾಡಿ ಮುಂದಿನ ತಿಂಗಳಿನಿಂದ ಬಿಲ್ಲಿನ ಪಿಡಿಎಫನ್ನೇ ಕಳಿಸಿ ಎಂದು ಕೇಳಿಕೊಳ್ಳಬಹುದು.